ಕಾರಣಾರೋಪವೂ ಅದರ ದೋಷವೂ: ಸನ್ನಿವೇಶ ಪ್ರಶ್ನೆಗಳ ವಿವೇಚನೆ

‘ಆರೋಪ’ವೆಂದರೆ ಮೂಲಾರ್ಥದಲ್ಲಿ ಏರಿಸುವುದು, ಒಂದರ ಮೇಲೆ ಇನ್ನೊಂದನ್ನು ಹೊರಿಸುವುದು. ಮುಖದ ಮೇಲೆ ಚಂದ್ರತ್ವವನ್ನು ಆರೋಪಿಸಿದರೆ ಅದು ರೂಪಕಾಲಂಕಾರವೆನಿಸುತ್ತದೆ. ಕಾವ್ಯದಲ್ಲಿ ಇದು ಭೂಷಣ. ಆದರೆ ಒಬ್ಬನ ವರ್ತನೆಯನ್ನು ಕಂಡು, ಅದರ ಕಾರಣವನ್ನು ವಿಚಾರಿಸದೆ, ಅವನ ಸ್ವಭಾವದ ಮೇಲೆ ಹೊರೆಯನ್ನು ಏರಿಸಿಬಿಟ್ಟರೆ ಅದು ದೋಷವಾಗುತ್ತದೆ. ಮನಶ್ಶಾಸ್ತ್ರದಲ್ಲಿ ‘ಅಟ್ರಿಬ್ಯೂಷನ್’ ಎಂದು ಕರೆಯುವ ಕಾರಣಾರೋಪ ಸಿದ್ಧಾಂತದ ವಿಷಯ ಇದೇ. ಪರೀಕ್ಷೆಗಳಲ್ಲಿ ನಾಲ್ಕೈದು ವಾಕ್ಯಗಳ ಸನ್ನಿವೇಶವೊಂದನ್ನು ಕೊಟ್ಟು, ಅಲ್ಲಿರುವುದು ಯಾವ ದೋಷವೆಂದು ಕೇಳುವುದುಂಟು. ವಿದ್ಯಾರ್ಥಿಗಳು ಹೆಚ್ಚಾಗಿ ಎಡವುವುದು ‘ಮೂಲಭೂತ ಆರೋಪದೋಷ’ ಮತ್ತು ‘ಪಡಿಯಚ್ಚು ಭಾವನೆ’ ಎಂಬ ಎರಡರ ನಡುವೆ. ಆದುದರಿಂದ ಇವೆರಡರ ಭೇದವನ್ನು ಒಂದೇ ಉದಾಹರಣೆಯಿಂದ ಇಲ್ಲಿ ವಿವೇಚಿಸಲಾಗಿದೆ.

ಮನುಷ್ಯನ ವರ್ತನೆಗೆ ಕಾರಣವು ಎರಡು ಕಡೆ ಇರಬಹುದೆಂದು ಫ್ರಿಟ್ಜ್ ಹೈಡರ್ ಎಂಬ ವಿದ್ವಾಂಸರು 1958ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ವಿವರಿಸಿದರು. ಶ್ರದ್ಧೆ, ಆಲಸ್ಯ, ಸಾಮರ್ಥ್ಯ ಮೊದಲಾದುವು ವ್ಯಕ್ತಿಯೊಳಗಿನ ಕಾರಣಗಳು. ಕಾಲ, ಸ್ಥಳ, ಅನ್ಯರ ಒತ್ತಾಯ, ದೈವಯೋಗ ಮೊದಲಾದುವು ಹೊರಗಿನ ಕಾರಣಗಳು. ನೋಡುವವನು ಹೊರಗಿನ ಕಾರಣವನ್ನು ಕಡೆಗಣಿಸಿ ಒಳಗಿನ ಕಾರಣಕ್ಕೆ ಅತಿಯಾದ ಬೆಲೆ ಕೊಡುವುದನ್ನು ಲೀ ರಾಸ್ ಅವರು 1977ರಲ್ಲಿ ಮೂಲಭೂತ ಆರೋಪದೋಷವೆಂದು ಹೆಸರಿಸಿದರು.

ಈ ದೋಷ ಎಷ್ಟು ಬಲವಾದುದೆಂಬುದಕ್ಕೆ 1967ರಲ್ಲಿ ಜೋನ್ಸ್ ಮತ್ತು ಹ್ಯಾರಿಸ್ ಪ್ರಕಟಿಸಿದ ಪ್ರಯೋಗವೇ ಸಾಕ್ಷಿ. ಅಮೆರಿಕದ ವಿದ್ಯಾರ್ಥಿಗಳಿಗೆ ಕ್ಯೂಬಾದ ನಾಯಕ ಕ್ಯಾಸ್ಟ್ರೋವಿನ ಪರವಾಗಿಯೋ ವಿರೋಧವಾಗಿಯೋ ಬರೆದ ಪ್ರಬಂಧಗಳನ್ನು ಓದಲು ಕೊಡಲಾಯಿತು. ಬರೆದವನು ತನ್ನ ಪಕ್ಷವನ್ನು ತಾನೇ ಆರಿಸಿಕೊಳ್ಳಲಿಲ್ಲ, ಅದನ್ನು ಅವನಿಗೆ ವಿಧಿಸಲಾಗಿತ್ತು ಎಂದು ಸ್ಪಷ್ಟವಾಗಿ ತಿಳಿಸಿದಾಗಲೂ, ಓದಿದವರು ಪ್ರಬಂಧದಲ್ಲಿದ್ದ ಅಭಿಪ್ರಾಯವನ್ನು ಒಂದಿಷ್ಟು ಮಟ್ಟಿಗೆ ಬರೆದವನ ಸ್ವಂತ ಅಭಿಪ್ರಾಯವೆಂದೇ ಎಣಿಸಿದರು. ಹೊರಗಿನ ಕಾರಣ ಅವರಿಗೆ ತಿಳಿಯದೆ ಇರಲಿಲ್ಲ. ತಿಳಿದಿದ್ದರೂ ಅದಕ್ಕೆ ತಕ್ಕ ಬೆಲೆಯನ್ನು ಅವರು ಕೊಡಲಿಲ್ಲ.

ಇನ್ನು ಪಡಿಯಚ್ಚು. ‘ಸ್ಟೀರಿಯೋಟೈಪ್’ ಎಂಬುದು ಮುದ್ರಣಾಲಯದ ಮಾತು. ಜೋಡಿಸಿದ ಮೊಳೆಗಳಿಂದ ಎರಕ ಹೊಯ್ದು ತೆಗೆದ ಒಂದೇ ಫಲಕದಿಂದ ಎಷ್ಟು ಪ್ರತಿ ತೆಗೆದರೂ ಎಲ್ಲವೂ ಒಂದೇ ಬಗೆ. ವಾಲ್ಟರ್ ಲಿಪ್‌ಮನ್ ಅವರು 1922ರಲ್ಲಿ ಈ ಮಾತನ್ನು ಮನಸ್ಸಿನೊಳಗಿನ ಸಿದ್ಧ ಚಿತ್ರಗಳಿಗೆ ಅನ್ವಯಿಸಿದರು. ಒಂದು ಊರಿನವರು, ಒಂದು ಕುಲದವರು, ಒಂದು ಕಸುಬಿನವರು ಎಲ್ಲರೂ ಹೀಗೆಯೇ ಎಂದು ಮೊದಲೇ ಅಚ್ಚು ಮಾಡಿಟ್ಟುಕೊಂಡು, ಎದುರಿಗೆ ಬಂದವನ ಮೇಲೆ ಅದನ್ನು ಒತ್ತುವುದೇ ಪಡಿಯಚ್ಚು ಭಾವನೆ.

ಇನ್ನು ಪರೀಕ್ಷೆಯಲ್ಲಿ ಬರಬಹುದಾದ ಸನ್ನಿವೇಶವೊಂದನ್ನು ಪರಿಶೀಲಿಸಬಹುದು. ‘ಹಳ್ಳಿಯೊಂದರಿಂದ ಬಸ್ಸಿನಲ್ಲಿ ಶಾಲೆಗೆ ಬರುವ ಬಾಲಕನೊಬ್ಬನು ಈ ವಾರ ಮೂರು ದಿನ ಬೆಳಗಿನ ಪ್ರಾರ್ಥನೆಗೆ ತಡವಾಗಿ ಬಂದನು. ಸೋಮವಾರದಿಂದ ಆ ಬಸ್ಸಿನ ವೇಳೆ ಬದಲಾಗಿತ್ತು. ಅದೇ ಬಸ್ಸಿನಲ್ಲಿ ಬರುವ ಬೇರೆ ನಾಲ್ವರೂ ತಡವಾಗಿಯೇ ಬಂದರು. ಮಧ್ಯಾಹ್ನದ ತರಗತಿಗೆ ಬಾಲಕನು ತಪ್ಪದೆ ವೇಳೆಗೆ ಸರಿಯಾಗಿ ಕುಳಿತಿರುತ್ತಿದ್ದನು. ಹಿಂದಿನ ವಾರಗಳಲ್ಲಿ ಬೆಳಿಗ್ಗೆಯೂ ತಡಮಾಡಿರಲಿಲ್ಲ. ಉಪಾಧ್ಯಾಯರು ಅವನ ಪ್ರಗತಿಪತ್ರದಲ್ಲಿ “ಶ್ರದ್ಧೆಯಿಲ್ಲದ ಹುಡುಗ” ಎಂದು ಬರೆದರು.’

ಇಲ್ಲಿ ನಿರ್ಣಯಕ್ಕೆ ಹೆರಾಲ್ಡ್ ಕೆಲಿಯವರು 1967ರಲ್ಲಿ ಹೇಳಿದ ಮೂರು ಪರೀಕ್ಷೆಗಳು ನೆರವಾಗುತ್ತವೆ. ತರ್ಕಶಾಸ್ತ್ರವನ್ನು ಬಲ್ಲವರಿಗೆ ಇವು ಅನ್ವಯ-ವ್ಯತಿರೇಕಗಳ ನೆನಪನ್ನು ತರುತ್ತವೆ: ಕಾರಣವಿದ್ದಾಗ ಕಾರ್ಯವಿದೆಯೇ, ಇಲ್ಲದಾಗ ಇಲ್ಲವೇ ಎಂದು ನೋಡುವುದೇ ಇವುಗಳ ಮರ್ಮ. ಮೊದಲನೆಯದು, ಅದೇ ಸ್ಥಿತಿಯಲ್ಲಿರುವ ಇತರರೂ ಹಾಗೆಯೇ ವರ್ತಿಸುತ್ತಾರೆಯೇ? ಇಲ್ಲಿ ನಾಲ್ವರೂ ತಡವಾಗಿ ಬಂದಿದ್ದಾರೆ. ಎರಡನೆಯದು, ವರ್ತನೆಯು ಈ ಒಂದು ಸಂದರ್ಭಕ್ಕೇ ಸೀಮಿತವೇ, ಬೇರೆಡೆಯೂ ಉಂಟೇ? ಮಧ್ಯಾಹ್ನದ ತರಗತಿಗೆ ಬಾಲಕನು ತಪ್ಪಿಲ್ಲ. ಮೂರನೆಯದು, ಇದು ಬಹುಕಾಲದಿಂದ ನಡೆದುಬಂದಿರುವುದೇ? ಇಲ್ಲ, ಸೋಮವಾರದಿಂದ ಮಾತ್ರ. ಇತರರಲ್ಲಿ ಕಾಣದೆ, ಎಲ್ಲ ಸಂದರ್ಭಗಳಲ್ಲಿಯೂ ಕಂಡು, ಬಹುಕಾಲದಿಂದ ನಡೆದುಬಂದಿದ್ದರೆ ಕಾರಣವನ್ನು ವ್ಯಕ್ತಿಯಲ್ಲಿ ಹುಡುಕುವುದು ಯುಕ್ತವಾಗುತ್ತಿತ್ತು. ಇಲ್ಲಿ ಮೂರು ಉತ್ತರಗಳೂ ಬಸ್ಸಿನ ಕಡೆಗೇ ಬೆರಳು ತೋರುತ್ತವೆ. ಹಾಗಿದ್ದೂ ಉಪಾಧ್ಯಾಯರ ತೀರ್ಮಾನ ಹುಡುಗನ ಸ್ವಭಾವದ ಮೇಲೆ ಏರಿದೆ. ಆದುದರಿಂದ ಇದು ಮೂಲಭೂತ ಆರೋಪದೋಷ.

ಸನ್ನಿವೇಶವನ್ನು ಸ್ವಲ್ಪ ಬದಲಿಸಿದರೆ ಉತ್ತರವೂ ಬದಲಾಗುತ್ತದೆ. ಬಾಲಕನು ಶಾಲೆಗೆ ಸೇರಿದ ದಿನವೇ ಅವನ ಊರಿನ ಹೆಸರನ್ನು ಕೇಳಿ, ‘ಆ ಊರಿನವರೆಲ್ಲ ಆಲಸಿಗಳು, ಇವನನ್ನೂ ಹಿಂದಿನ ಸಾಲಿನಲ್ಲಿ ಕೂಡಿಸಿರಿ’ ಎಂದು ಉಪಾಧ್ಯಾಯರು ನುಡಿದರೆಂದು ಭಾವಿಸಬಹುದು. ಆಗ ಅವನ ವರ್ತನೆಯೇ ಇನ್ನೂ ನಡೆದಿಲ್ಲ. ತೀರ್ಪು ಮಾತ್ರ ಬಂದುಬಿಟ್ಟಿದೆ. ಇದು ಪಡಿಯಚ್ಚು. ಇವೆರಡನ್ನು ಬೇರ್ಪಡಿಸಲು ಸುಲಭವಾದ ಉಪಾಯವೊಂದುಂಟು. ಸನ್ನಿವೇಶದಿಂದ ಊರು, ಕುಲ, ಕಸುಬುಗಳ ಹೆಸರನ್ನು ಅಳಿಸಿ ಮತ್ತೆ ಓದಬೇಕು. ತೀರ್ಪಿನ ಆಧಾರವೇ ಕುಸಿದರೆ ಅದು ಪಡಿಯಚ್ಚು. ತೀರ್ಪು ಹಾಗೆಯೇ ನಿಂತು, ಬಸ್ಸಿನಂತಹ ಹೊರಗಿನ ಕಾರಣ ಮಾತ್ರ ಕಡೆಗಣಿಸಲ್ಪಟ್ಟಿದ್ದರೆ ಅದು ಆರೋಪದೋಷ.

ಎರಡೂ ಕೂಡಿಬರುವುದೂ ಉಂಟು. ಬಸ್ಸಿನ ವಿಷಯ ತಿಳಿದಿದ್ದೂ ‘ಆ ಊರಿನವರ ಹುಟ್ಟುಗುಣವೇ ಹೀಗೆ’ ಎಂದರೆ, ಹೊರಗಿನ ಕಾರಣವನ್ನು ತಳ್ಳಿ ಹೊರೆಯನ್ನು ಇಡೀ ಗುಂಪಿನ ಸ್ವಭಾವದ ಮೇಲೆ ಏರಿಸಿದಂತಾಗುತ್ತದೆ. ಇದನ್ನು ಥಾಮಸ್ ಪೆಟಿಗ್ರೂ ಅವರು 1979ರಲ್ಲಿ ‘ಪರಮ ಆರೋಪದೋಷ’ವೆಂಬ ಅರ್ಥದ ಹೆಸರಿನಿಂದ ಗುರುತಿಸಿದರು. ಇಂತಹ ಪ್ರಶ್ನೆಗೆ ಒಂದೇ ಹೆಸರು ಬರೆದು ಮುಗಿಸದೆ ಎರಡು ಅಂಶಗಳನ್ನೂ ತೋರಿಸತಕ್ಕದ್ದು.

ಇನ್ನೊಂದು ಎಚ್ಚರಿಕೆ ಅವಶ್ಯ. ಸ್ವಭಾವವನ್ನು ಕಾರಣವಾಗಿ ಹೇಳಿದ ಮಾತ್ರಕ್ಕೆ ದೋಷ ಘಟಿಸುವುದಿಲ್ಲ. ಬಾಲಕನು ಶಾಲೆಯ ಎದುರಿನ ಮನೆಯಲ್ಲಿಯೇ ವಾಸಿಸುತ್ತಿದ್ದು, ವರ್ಷವಿಡೀ ಎಲ್ಲ ತರಗತಿಗಳಿಗೂ ತಾನೊಬ್ಬನೇ ತಡವಾಗಿ ಬರುತ್ತಿದ್ದರೆ, ಉಪಾಧ್ಯಾಯರ ಮಾತು ಸಾಧಾರವಾದುದೇ. ಸನ್ನಿವೇಶದಲ್ಲಿ ಹೊರಗಿನ ಕಾರಣದ ಸುಳಿವೇ ಇಲ್ಲದಿದ್ದರೆ ‘ಒಳಗಿನ ಕಾರಣದ ಆರೋಪ’ ಎಂದಷ್ಟೇ ಬರೆಯುವುದು ಸಾಧು. ದೋಷವೆನ್ನಲು ಆಧಾರ ಸಾಲದು.

ಈ ದೋಷವು ಮನುಷ್ಯಮಾತ್ರರೆಲ್ಲರಲ್ಲಿಯೂ ಸಮನಾಗಿದೆಯೆಂದು ಬರೆಯುವುದೂ ತಪ್ಪು. ಜೋನ್ ಮಿಲ್ಲರ್ ಎಂಬ ವಿದುಷಿ ಅಮೆರಿಕದವರನ್ನೂ ನಮ್ಮ ಮೈಸೂರಿನ ಹಿಂದೂಗಳನ್ನೂ ಹೋಲಿಸಿ 1984ರಲ್ಲಿ ತಮ್ಮ ಅಧ್ಯಯನವನ್ನು ಪ್ರಕಟಿಸಿದರು. ಪರಿಚಿತರ ನಡತೆಯನ್ನು ವಿವರಿಸುವಾಗ ಅಮೆರಿಕದ ವಯಸ್ಕರು ಸ್ವಭಾವವನ್ನೂ, ಮೈಸೂರಿನ ವಯಸ್ಕರು ಸಂಬಂಧ, ಕರ್ತವ್ಯ, ಸಂದರ್ಭಗಳನ್ನೂ ಹೆಚ್ಚಾಗಿ ಕಾರಣವಾಗಿ ಹೇಳಿದರು. ಎಳೆಯ ಮಕ್ಕಳಲ್ಲಿ ಈ ಅಂತರ ಅಷ್ಟಾಗಿ ಕಾಣಲಿಲ್ಲ. ವಯಸ್ಸು ಏರಿದಂತೆ ಅದು ಬೆಳೆಯಿತು. ಆದ್ದರಿಂದ ಸ್ವಭಾವವನ್ನು ಮುಂದೆ ಮಾಡುವ ಈ ವಾಡಿಕೆಯು ಬಹುಮಟ್ಟಿಗೆ ಸಮಾಜದಿಂದ ಕಲಿತುದೆಂದು ಊಹಿಸಬಹುದು.

ಕಲಿತುದನ್ನು ತಿದ್ದಿಕೊಳ್ಳಲೂ ಸಾಧ್ಯ. ಆ ಪ್ರಗತಿಪತ್ರದಲ್ಲಿ ‘ಸೋಮವಾರದಿಂದ ಬಸ್ಸಿನ ವೇಳೆ ಬದಲಾದ ಕಾರಣ ಪ್ರಾರ್ಥನೆಗೆ ತಡವಾಗುತ್ತಿದೆ’ ಎಂದು ಬರೆದರೆ ಪೋಷಕರು ಬೇರೆ ಬಸ್ಸನ್ನು ವಿಚಾರಿಸುತ್ತಾರೆ. ‘ಶ್ರದ್ಧೆಯಿಲ್ಲದ ಹುಡುಗ’ ಎಂದು ಬರೆದರೆ ಹುಡುಗನಿಗೆ ದಂಡನೆಯಾಗುತ್ತದೆ. ಮರುದಿನವೂ ಬಸ್ಸು ತಡವಾಗಿಯೇ ಬರುತ್ತದೆ.