ಕೌನ್ಸೆಲಿಂಗ್‌ಗೆ ಹೋದರೆ ವೀಸಾ ಹೋಗುತ್ತದೆಯೇ?

ನಿಮ್ಮ ಪತ್ರದಲ್ಲಿ ನನ್ನನ್ನು ಕಾಡಿದ್ದು ನಿದ್ದೆಗೇಡಲ್ಲ. ಇಷ್ಟಪಟ್ಟು ಆರಿಸಿಕೊಂಡ ವಿಷಯದ ಪುಸ್ತಕ ತೆರೆದರೇ ಬೇಸರ, ಭಾನುವಾರವಿಡೀ ಮಲಗಿದರೂ ಇಳಿಯದ ಸುಸ್ತು, ಅಮ್ಮನ ಫೋನ್ ಎತ್ತಲೂ ಮನಸ್ಸಿಲ್ಲ ಎಂದಿದ್ದೀರಿ. ಪರೀಕ್ಷೆಯ ದಣಿವಾದರೆ ಪರೀಕ್ಷೆ ಮುಗಿದ ಮೇಲೆ ಇಳಿಯಬೇಕಿತ್ತು. ಇದು ಬರ್ನ್‌ಔಟ್ ಇರಬಹುದು, ಖಿನ್ನತೆಯ ಆರಂಭವೂ ಇರಬಹುದು. ಯಾವುದೆಂದು ತಿಳಿಯಲು ಕೌನ್ಸೆಲರ್ ಎದುರು ಕೂತೇ ಮಾತಾಡಬೇಕು.

ಕ್ಯಾಂಪಸ್ ಕೌನ್ಸೆಲಿಂಗ್‌ಗೆ ಹೋದ ಮಾತ್ರಕ್ಕೆ ಅಮೆರಿಕದ ವೀಸಾ ಹೋಗುವುದಿಲ್ಲ. ನಿಮ್ಮ ರೂಮ್‌ಮೇಟ್ ಹೆದರಿಸಿದ್ದಾರೆ, ಅಷ್ಟೆ. ಅಲ್ಲಿ ಆಡಿದ ಮಾತು ಪ್ರೊಫೆಸರಿಗಾಗಲಿ ಊರಲ್ಲಿರುವ ಅಪ್ಪನಿಗಾಗಲಿ ತಲುಪುವುದಿಲ್ಲ. ಜೀವಕ್ಕೆ ಅಪಾಯವಿರುವಂಥ ಕೆಲವು ಸಂದರ್ಭಗಳು ಮಾತ್ರ ಇದಕ್ಕೆ ಹೊರತು.

ನಿಜವಾದ ಕುತ್ತು ಇರುವುದು ನೀವು ಕೊನೆಯಲ್ಲಿ ಬರೆದ ಸಾಲಿನಲ್ಲಿ: ಸದ್ದಿಲ್ಲದೆ ಒಂದು ಕೋರ್ಸ್ ಬಿಡುವುದು. ಎಫ್-1 ವಿದ್ಯಾರ್ಥಿ ಅನುಮತಿಯಿಲ್ಲದೆ ಪೂರ್ಣಾವಧಿ ಓದಿಗಿಂತ ಕೆಳಗಿಳಿದರೆ ವೀಸಾ ಸ್ಥಿತಿಯೇ ಕೆಡುತ್ತದೆ. ಅನಾರೋಗ್ಯದ ಕಾರಣಕ್ಕೆ ಕೋರ್ಸ್ ಕಡಿಮೆ ಮಾಡಲು ನಿಯಮದಲ್ಲೇ ದಾರಿಯಿದೆ; ಒಂದು ಪದವಿ ಮಟ್ಟದಲ್ಲಿ ಒಟ್ಟು 12 ತಿಂಗಳವರೆಗೆ. ಆದರೆ ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿಯ ಡಿಎಸ್‌ಒ ಮೊದಲು ಒಪ್ಪಬೇಕು, ಆಮೇಲೆ ಕೋರ್ಸ್ ಬಿಡಬೇಕು. ಅವರಿಗೆ ವೈದ್ಯರ ಅಥವಾ ಪರವಾನಗಿ ಪಡೆದ ಸೈಕಾಲಜಿಸ್ಟರ ಪತ್ರವೇ ಬೇಕು. ಕ್ಯಾಂಪಸ್ಸಿನ ಕೌನ್ಸೆಲರ್ ಹಲವೆಡೆ ಸಮಾಜಕಾರ್ಯ ಓದಿದವರಾಗಿರುತ್ತಾರೆ. ಅವರ ಪತ್ರ ಇದಕ್ಕೆ ಸಾಲದು. ಹಾಗಾಗಿ ಮೊದಲ ಭೇಟಿಯಲ್ಲೇ, ‘ಪತ್ರ ಬೇಕಾದರೆ ಯಾರು ಕೊಡುತ್ತಾರೆ?’ ಎಂದು ಕೇಳಿಬಿಡಿ. ಸೆಮಿಸ್ಟರ್ ಕೊನೆಗೆ ಅಪಾಯಿಂಟ್‌ಮೆಂಟ್ ಸಿಗುವುದು ಕಷ್ಟ, ಈ ವಾರವೇ ಹೋಗಿ. ಸಾಯುವ ಯೋಚನೆ ಬಂದರಂತೂ ಅದಕ್ಕೂ ಕಾಯಬೇಡಿ, ಯಾವ ಹೊತ್ತಾದರೂ 988ಕ್ಕೆ ಕರೆ ಮಾಡಿ.