ಐದರೊಳಗೆ ಹಾಕು, ಮರಿ

ಪಿಪಿಎಫ್ ಖಾತೆ ತೆರೆದೆಯಂತೆ. ಸಂತೋಷ. ತಿಂಗಳಿಗೆ 5,000 ಹಾಕುತ್ತೀಯಂತೆ. ಇನ್ನೂ ಸಂತೋಷ. ಆದರೆ ಕಂತು ಕಟ್ಟಾಗುವ ತಾರೀಖು 7 ಎಂದು ನಿಮ್ಮಮ್ಮ ಹೇಳಿದಾಗ ನನ್ನ ಕೈಲಿದ್ದ ಕಾಫಿ ಲೋಟ ಹಾಗೇ ನಿಂತಿತು. ಏಳು ಯಾಕೆ? 'ಲಕ್ಕಿ ನಂಬರ್' ಅಂತೆ. ಆ ಅದೃಷ್ಟ ನಿನಗೆ ಎಷ್ಟಕ್ಕೆ ಬೀಳುತ್ತದೆ, ಕೇಳು.

ಈ ಖಾತೆಗೆ ಒಂದು ಹಳೆಯ ಚಾಳಿ. ಬ್ಯಾಂಕಿನ ಎಸ್‌ಬಿ ಖಾತೆಯಲ್ಲಿ ದಿನದಿನದ ಬಾಕಿಗೆ ಬಡ್ಡಿ ಲೆಕ್ಕ. ಇಲ್ಲಿ ಹಾಗಲ್ಲ. ತಿಂಗಳ 5ನೇ ತಾರೀಖು ಮುಗಿದಾಗಿನಿಂದ ತಿಂಗಳ ಕೊನೆಯ ದಿನದವರೆಗೆ ನಿನ್ನ ಖಾತೆಯಲ್ಲಿ ಅತಿ ಕಡಿಮೆ ಎಷ್ಟಿತ್ತೋ ಅಷ್ಟಕ್ಕೆ ಮಾತ್ರ ಆ ತಿಂಗಳ ಬಡ್ಡಿ. ತೊಟ್ಟಿಯಲ್ಲಿ ನೀರು ತೀರ ಕೆಳಗಿಳಿದ ಹೊತ್ತಿನ ಅಳತೆಯನ್ನೇ ಇಡೀ ತಿಂಗಳಿನದು ಎಂದು ಬರೆದುಕೊಂಡ ಹಾಗೆ. 5ರಂದು ಹಾಕಿದ ದುಡ್ಡು ಲೆಕ್ಕಕ್ಕೆ ಬರುತ್ತದೆ. 6ರಂದು ಹಾಕಿದ್ದು ಆ ತಿಂಗಳೆಲ್ಲ ಸುಮ್ಮನೆ ಕೂತಿರುತ್ತದೆ. 6ಕ್ಕೆ ಬಂದವನಿಗೂ 30ಕ್ಕೆ ಬಂದವನಿಗೂ ಒಂದೇ ಮರ್ಯಾದೆ.

ಮೂವತ್ತು ವರ್ಷಕ್ಕೂ ಮಿಕ್ಕಿ ಅಂಚೆ ಕಚೇರಿಯ ಕೌಂಟರಿನ ಹಿಂದೆ ಕೂತವನು ನಾನು. ಪಾಸ್‌ಬುಕ್ ನೋಡಿದರೆ ಮನುಷ್ಯ ಎಂಥವನು ಎಂದು ಹೇಳಬಲ್ಲೆ ಎನ್ನುವ ಜಂಬ ನನಗಿತ್ತು. ಹೂವು ಮಾರುವ ಒಬ್ಬಾಕೆ ಬರುತ್ತಿದ್ದರು. ಪ್ರತಿ ತಿಂಗಳು 2 ಅಥವಾ 3ನೇ ತಾರೀಖು, ಸೆರಗಿನ ಗಂಟು ಬಿಚ್ಚಿ, ಮುದುರಿದ ನೋಟುಗಳನ್ನು ನೀವಿ ನೀವಿ ಕೊಡುತ್ತಿದ್ದರು. ನಿಯಮ ಏನೆಂದು ಅವರಿಗೆ ಪೂರ್ತಿ ತಿಳಿದಿರಲಿಲ್ಲ. 'ಐದರೊಳಗೆ ಹಾಕಮ್ಮ ಅಂದಿದ್ರಿ, ಹಾಕ್ತಿದೀನಿ' ಅಷ್ಟೇ. ಇನ್ನೊಬ್ಬರು ಕಾಲೇಜಿನಲ್ಲಿ ಲೆಕ್ಕ ಕಲಿಸುವ ಮೇಷ್ಟ್ರು. ಅವರ ಸವಾರಿ ಮಾರ್ಚ್ ಕೊನೆಯ ವಾರಕ್ಕೆ, ತೆರಿಗೆ ಉಳಿಸುವ ಗಡಿಬಿಡಿಯಲ್ಲಿ. ಆ ದುಡ್ಡಿಗೆ ಆ ವರ್ಷ ಒಂದು ಪೈಸೆ ಬಡ್ಡಿಯೂ ಹುಟ್ಟುತ್ತಿರಲಿಲ್ಲ. ಆ ವರ್ಷದ ತೆರಿಗೆ ವಿನಾಯಿತಿ ಸಿಗುತ್ತಿತ್ತು, ನಿಜ. ಆದರೆ ಹಿಂದಿನ ಏಪ್ರಿಲ್‌ನಲ್ಲೇ ಬಂದಿದ್ದರೆ ಎರಡೂ ದಕ್ಕುತ್ತಿತ್ತಲ್ಲ.

ಈಗ ನಿನ್ನ ಲೆಕ್ಕಕ್ಕೆ ಬರೋಣ. ಪೆನ್ಸಿಲ್ ತಗೋ. ಬಡ್ಡಿ ದರವನ್ನು ಸರ್ಕಾರ ಮೂರು ತಿಂಗಳಿಗೊಮ್ಮೆ ಹೇಳುತ್ತದೆ. ನಾವು 7.1 ಎಂದು ಇಟ್ಟುಕೊಳ್ಳೋಣ, 2020ರ ಏಪ್ರಿಲ್‌ನಲ್ಲಿ 7.9ರಿಂದ ಅಲ್ಲಿಗೆ ಇಳಿದದ್ದು. ಏಪ್ರಿಲ್‌ನಲ್ಲಿ ಹೊಸದಾಗಿ ಶುರು ಮಾಡಿ ಪ್ರತಿ ತಿಂಗಳು 5ರೊಳಗೆ 5,000 ಹಾಕಿದೆ ಎನ್ನು. ಏಪ್ರಿಲ್‌ನ ಕನಿಷ್ಠ ಬಾಕಿ 5,000, ಮೇ ತಿಂಗಳದು 10,000, ಹೀಗೆ ಏರುತ್ತಾ ಮಾರ್ಚ್‌ಗೆ 60,000. ಹನ್ನೆರಡನ್ನೂ ಕೂಡಿಸು, 3,90,000 ಬರುತ್ತದೆ. ಅದನ್ನು 7.1ರಿಂದ ಗುಣಿಸಿ 1200ರಿಂದ ಭಾಗಿಸು. 2,307 ರೂಪಾಯಿ 50 ಪೈಸೆ.

ನಿನ್ನ 'ಲಕ್ಕಿ' ಏಳನೇ ತಾರೀಖಿಗೆ ಹಾಕಿದರೆ? ಏಪ್ರಿಲ್‌ನ ಕನಿಷ್ಠ ಬಾಕಿ ಸೊನ್ನೆ. ಮೇ ತಿಂಗಳದು 5,000. ಮಾರ್ಚ್‌ದು 55,000. ಕೂಡಿದರೆ 3,30,000, ಬಡ್ಡಿ 1,952 ರೂಪಾಯಿ 50 ಪೈಸೆ. ಎರಡು ದಿನದ ಸೋಮಾರಿತನಕ್ಕೆ ವರ್ಷಕ್ಕೆ 355 ರೂಪಾಯಿ. ಹದಿನೈದು ವರ್ಷ ಇದೇ ಚಾಳಿ ಇಟ್ಟುಕೊಂಡರೆ, ಕಳೆದುಕೊಂಡ ಬಡ್ಡಿಯ ಬಡ್ಡಿಯೂ ಸೇರಿ, ಇದೇ ದರದಲ್ಲಿ ಸುಮಾರು 9,000. ಮನೆ ಮುಳುಗುವ ಮೊತ್ತವಲ್ಲ, ಒಪ್ಪಿದೆ. ಆದರೆ ಸೊಪ್ಪಿನವಳ ಹತ್ತಿರ ಎರಡು ರೂಪಾಯಿಗೆ ಜಗಳ ಆಡುವುದನ್ನು ನಾನು ನೋಡಿದ್ದೇನೆ, ಅದಕ್ಕೇ ಹೇಳಿದೆ.

ತಾರೀಖನ್ನು 5ಕ್ಕೇ ಇಡುತ್ತೇನೆ ಎಂದು ಜಾಣತನ ತೋರಬೇಡ. 2ಕ್ಕೆ ಇಡು. ಸಂಬಳ ಒಂದು ದಿನ ತಡವಾಗಬಹುದು, ಭಾನುವಾರ ಅಡ್ಡ ಬರಬಹುದು, ಖಾತೆಯಲ್ಲಿ ದುಡ್ಡು ಸಾಲದೆ ಕಂತು ವಾಪಸಾಗಬಹುದು. 2 ಆದರೆ ಸರಿಪಡಿಸಲು ಮೂರು ದಿನ ಇರುತ್ತದೆ. ಚೆಕ್ ಕೊಡುವುದಾದರೆ ಇನ್ನೂ ಮುಂಚೆ ಕೊಡು. ನೀನು ಕೊಟ್ಟ ದಿನ ಲೆಕ್ಕಕ್ಕಿಲ್ಲ, ಚೆಕ್ ಪಾಸಾಗಿ ದುಡ್ಡು ಬಂದ ದಿನವೇ ಲೆಕ್ಕ.

ಹಾಕುವುದರದು ಇಷ್ಟಾಯಿತು. ತೆಗೆಯುವಾಗ ಇದೇ ನಿಯಮ ತಿರುಗಿ ಕಚ್ಚುತ್ತದೆ, ಇದು ಹೆಚ್ಚಿನವರಿಗೆ ಹೊಳೆಯುವುದಿಲ್ಲ. ಊರಿಗೆಲ್ಲ ಬುದ್ಧಿ ಹೇಳುತ್ತಿದ್ದ ನಾನೇ ಕಚ್ಚಿಸಿಕೊಂಡಿದ್ದೇನೆ. 2008ರಲ್ಲಿ ನಿಮ್ಮತ್ತೆಯ ಮದುವೆ. ಆಗ ಬಡ್ಡಿ 8 ಇತ್ತು. ಮದುವೆ ಇದ್ದದ್ದು ಜೂನ್ ಮೂರನೇ ವಾರ. ಛತ್ರ, ಜವಳಿ ಎಂದು ತಲೆ ಕೆಟ್ಟು, ಮೇ 28ಕ್ಕೇ 1,20,000 ತೆಗೆದುಬಿಟ್ಟೆ. ಮೇ ತಿಂಗಳಲ್ಲಿ ಇಪ್ಪತ್ತೇಳು ದಿನ ಆ ದುಡ್ಡು ಒಳಗೇ ಇತ್ತು. ಆದರೆ ಆ ತಿಂಗಳ ಕನಿಷ್ಠ ಬಾಕಿ 28ರಂದು ಉಳಿದದ್ದು. ತೆಗೆದ ದುಡ್ಡಿಗೆ ಮೇ ಬಡ್ಡಿ ಪೂರಾ ಹೋಯಿತು, 800 ರೂಪಾಯಿ. ಜೂನ್ ಮೊದಲ ವಾರ ತೆಗೆದಿದ್ದರೂ ಮದುವೆ ನಿಲ್ಲುತ್ತಿರಲಿಲ್ಲ. ನಿಮ್ಮಜ್ಜಿ ಇವತ್ತಿಗೂ ಬಡ್ಡಿ ಎಂಬ ಮಾತು ಬಂದರೆ ನನ್ನ ಮುಖ ನೋಡುತ್ತಾಳೆ.

ಇನ್ನೊಂದು. ಆಗಸ್ಟ್‌ನಲ್ಲಿ ಪಾಸ್‌ಬುಕ್ ನೋಡಿ 'ತಾತ, ಬಡ್ಡಿಯೇ ಬಂದಿಲ್ಲ' ಎಂದು ಫೋನ್ ಮಾಡಬೇಡ. ತಿಂಗಳು ತಿಂಗಳು ಲೆಕ್ಕ ಮಾತ್ರ ಆಗುತ್ತದೆ, ಜಮಾ ಆಗುವುದು ವರ್ಷಕ್ಕೊಮ್ಮೆ, ಮಾರ್ಚ್ 31ಕ್ಕೆ. ಏಪ್ರಿಲ್‌ನ ಬಡ್ಡಿಗೆ ಮೇ ತಿಂಗಳಲ್ಲಿ ಬಡ್ಡಿ ಹುಟ್ಟುವುದಿಲ್ಲ, ಮುಂದಿನ ವರ್ಷದಿಂದಲೇ ಅದು ಮರಿ ಹಾಕುವುದು.

ಇಷ್ಟೆಲ್ಲ ಕೇಳಿ, ನಿನ್ನ ಸ್ವಭಾವಕ್ಕೆ, ಇನ್ನೊಂದು ತುದಿಗೆ ಜಿಗಿಯಬೇಡ. 5 ದಾಟಿತು ಎಂದು ಆ ತಿಂಗಳ ಕಂತನ್ನೇ ಬಿಟ್ಟು ಆ ದುಡ್ಡಲ್ಲಿ ಶೂ ಕೊಂಡವರನ್ನು ಕಂಡಿದ್ದೇನೆ. ತಡವಾದ ಕಂತಿಗೆ ನೀನು ಕಳೆದುಕೊಳ್ಳುವುದು ಒಂದು ತಿಂಗಳ ಬಡ್ಡಿ, ಮೂವತ್ತು ರೂಪಾಯಿಯೂ ಇಲ್ಲ. 5ರೊಳಗೆ ಹಾಕಲೇಬೇಕೆಂದು ಕ್ರೆಡಿಟ್ ಕಾರ್ಡಿನಲ್ಲಿ ಸಾಲ ಎಳೆದರೆ ಅದಕ್ಕಿಂತ ದೊಡ್ಡ ಪೆದ್ದುತನವಿಲ್ಲ. ಬೋನಸ್ ಬಂದಾಗ ಏಪ್ರಿಲ್‌ನಲ್ಲೇ ವರ್ಷದ 60,000 ಒಟ್ಟಿಗೆ ಹಾಕಿದರೆ 4,260 ಬಡ್ಡಿ ಸಿಗುತ್ತದೆ, ಆಸೆ ಹುಟ್ಟುವಂಥದ್ದೇ. ಆದರೆ ಬಾಡಿಗೆ ಮನೆ, ಹಳೇ ಬೈಕು, ಆಗಾಗ ಕೈಕೊಡುವ ನಿನ್ನ ಹಲ್ಲು, ಇವಕ್ಕೆ ಹೊರಗೆ ದುಡ್ಡಿರಲಿ. ಇಲ್ಲಿ ಹಾಕಿದ್ದನ್ನು ಸ್ವಲ್ಪವಾದರೂ ತೆಗೆಯಲು ಏಳನೇ ವರ್ಷದವರೆಗೆ ಕಾಯಬೇಕು.

ಇವತ್ತೇ ತಾರೀಖು ಬದಲಾಯಿಸು. ಏಪ್ರಿಲ್‌ನಲ್ಲಿ ಊರಿಗೆ ಬರುವಾಗ ಬಡ್ಡಿ ಜಮಾ ಆದ ಪುಟ ಮುದ್ರಿಸಿಕೊಂಡು ತಾ. ಹನ್ನೆರಡು ಸಂಖ್ಯೆ ನೀನು ಕೂಡಿಸು, ಭಾಗಾಕಾರ ನಾನು ಮಾಡುತ್ತೇನೆ, ಕ್ಯಾಲ್ಕುಲೇಟರ್ ಇಲ್ಲದೆ. ತಪ್ಪಿದವರು ಮಾವಿನಹಣ್ಣು ತರುವುದು.