ಅರ್ಧ ರಸೀದಿ, ಪೂರ್ತಿ ಲೆಕ್ಕ

ಬೆಂಗಳೂರಿನ ಮಾರಾಟ ಪ್ರತಿನಿಧಿಯೊಬ್ಬರು ಕಂಪನಿ ಕೆಲಸಕ್ಕೆ ಹುಬ್ಬಳ್ಳಿಗೆ ಹೋಗಿ ಬಂದರು ಎನ್ನಿ. ಸ್ವಂತ ಖಾತೆಯಿಂದ ಖರ್ಚಾದದ್ದು 4,800 ರೂಪಾಯಿ. ಲಾಡ್ಜು, ಬಸ್ಸಿನ 4,200ಕ್ಕೆ ರಸೀದಿಯಿದೆ. ಆಟೋಗಳ 600ಕ್ಕೆ ಇಲ್ಲ. ಆಟೋದವರು ಎಲ್ಲಿ ಕೊಡುತ್ತಾರೆ!

ಯುಪಿಐ ಸಂದೇಶ ಹಣ ಹೋದದ್ದನ್ನು ತೋರಿಸುತ್ತದೆ, ಯಾತಕ್ಕೆಂದು ಹೇಳುವುದಿಲ್ಲ. ಆದ್ದರಿಂದ ಆ 600ಕ್ಕೆ ತಾರೀಖು, ಎಲ್ಲಿಂದ ಎಲ್ಲಿಗೆ, ಯಾವ ಕೆಲಸಕ್ಕೆ ಎಂದು ಬರೆದ ವೋಚರಿಗೆ ಪ್ರತಿನಿಧಿಯ ಸಹಿ, ಮೇಲಧಿಕಾರಿಯ ಒಪ್ಪಿಗೆ ಬೇಕು.

ಕಂಪನಿ ರಸೀದಿ, ವೋಚರು ಎರಡನ್ನೂ ಒಪ್ಪಿದರೆ ಪ್ರಯಾಣ ವೆಚ್ಚಕ್ಕೆ 4,800 ಖರ್ಚು, ನೌಕರರ ಬಾಕಿ ಖಾತೆಗೆ 4,800 ಜಮಾ. ಬ್ಯಾಂಕಿನಿಂದ ಕೊಟ್ಟಾಗ ಆ ಬಾಕಿ ತೀರುತ್ತದೆ. ಇದನ್ನು ಸಂಬಳದಲ್ಲಿ ಸೇರಿಸಿದರೆ ಸುಮ್ಮನೆ ತೆರಿಗೆಯ ತಲೆನೋವು.

ಲಾಡ್ಜಿನ ಬಿಲ್ಲು ನೌಕರರ ಹೆಸರಿನಲ್ಲಿದ್ದರೆ ಖರ್ಚು ಬರೆಯಬಹುದು, ಆದರೆ ಜಿಎಸ್‌ಟಿ ಕ್ರೆಡಿಟ್ ಕೈತಪ್ಪುತ್ತದೆ. ಕೊಠಡಿ ಹಿಡಿಯುವಾಗಲೇ ಕಂಪನಿಯ ಹೆಸರು, ಜಿಎಸ್‌ಟಿ ಸಂಖ್ಯೆ ಬರೆಸಿಕೊಳ್ಳಿ.